ಹೆಪ್ಪಾಗದ ಹಾಲು: ಪೆನಿಸಿಲಿನ್ ಮತ್ತು ಅದನ್ನು ಮುರಿಯುವ ಕಿಣ್ವವನ್ನು ತರಗತಿಯಲ್ಲಿ ವಿವರಿಸುವ ಬಗೆ

ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ಎರಡು ಸಂಗತಿಗಳು ಹತ್ತಿರ ಹತ್ತಿರವೇ ಬರುತ್ತವೆ. ಹಾಲನ್ನು ಮೊಸರು ಮಾಡುವುದು ಬ್ಯಾಕ್ಟೀರಿಯಾ ಎನ್ನುವುದು ಒಂದು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧಗಳೇ ಪ್ರತಿಜೈವಿಕಗಳು ಎನ್ನುವುದು ಇನ್ನೊಂದು. ಸಾಮಾನ್ಯವಾಗಿ ನಾವು ಇವೆರಡನ್ನೂ ಬೇರೆ ಬೇರೆಯಾಗಿ ಹೇಳಿ ಮುಂದೆ ಹೋಗುತ್ತೇವೆ. ಆಲೂರು, ಸಕಲೇಶಪುರ ಕಡೆಯ ಮಕ್ಕಳ ಮನೆಗಳಲ್ಲಿ ಮಾತ್ರ ಇವೆರಡೂ ಆಗಾಗ ಒಂದೇ ಪಾತ್ರೆಯಲ್ಲಿ ಸೇರುತ್ತವೆ. ಹಸುವಿಗೆ ಕೆಚ್ಚಲು ಬಾವು ಬಂದು ಮೊಲೆಯೊಳಗೆ ಟ್ಯೂಬು ಹಾಕಿಸಿದ ಮೇಲೆ, ಆ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ. ಬೆಳಿಗ್ಗೆ ನೋಡಿದರೂ ಹಾಲು ಹಾಲಾಗಿಯೇ ಇರುತ್ತದೆ. ಮನೆಯವರು ಇದನ್ನು "ಹಾಲಿನಲ್ಲಿ ಔಷಧಿ ಇದೆ" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಆ ಮಾತು ಸರಿಯಾಗಿಯೇ ಇದೆ. ಔಷಧಿ ಹಾಲಿನಲ್ಲಿ ಏನು ಮಾಡಿತು, ಅದೇ ಔಷಧಿ ಕೆಲವೊಮ್ಮೆ ಕೆಚ್ಚಲಿನ ರೋಗಾಣುವನ್ನು ಏಕೆ ಕೊಲ್ಲಲಾರದು ಎಂದು ಬಿಡಿಸಿ ಹೇಳಿದರೆ ಬೀಟಾ-ಲ್ಯಾಕ್ಟಮ್ ಪ್ರತಿಜೈವಿಕಗಳ ಇಡೀ ಕಥೆ ಒಂದು ಲೋಟ ಹಾಲಿನಲ್ಲಿ ಸಿಗುತ್ತದೆ. ಪ್ರಶಿಕ್ಷಣಾರ್ಥಿ ಮಿತ್ರರು ಪಾಠಯೋಜನೆಗೆ ಬಳಸಿಕೊಳ್ಳಲು ಅನುಕೂಲವಾಗಲಿ ಎಂದು ಅದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಮೊದಲು, ಹಾಲು ಹೆಪ್ಪಾಗುವುದು ಹೇಗೆ

ಕಾಯಿಸಿ ಆರಿಸಿದ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದಾಗ ಅದರೊಂದಿಗೆ ಕೋಟ್ಯಂತರ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳು ಹಾಲಿಗೆ ಸೇರುತ್ತವೆ. ಅವು ಹಾಲಿನ ಲ್ಯಾಕ್ಟೋಸ್ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಹೊರಬಿಡುತ್ತವೆ. ತಾಜಾ ಹಾಲಿನ pH ಸುಮಾರು 6.6. ಆಮ್ಲ ಹೆಚ್ಚಿದಂತೆ ಅದು ಇಳಿಯುತ್ತಾ ಬಂದು 4.6ರ ಹತ್ತಿರ ತಲುಪಿದಾಗ ಕೇಸಿನ್ ಎಂಬ ಪ್ರೋಟೀನ್ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತದೆ.

ಇಲ್ಲಿ ಮಕ್ಕಳು ಗಮನಿಸಬೇಕಾದ ಅಂಶ ಒಂದಿದೆ. ಹಾಕಿದ ಬ್ಯಾಕ್ಟೀರಿಯಾಗಳು ಇದ್ದಷ್ಟೇ ಇದ್ದರೆ ಇಷ್ಟು ಆಮ್ಲ ಬರುವುದಿಲ್ಲ. ಅವು ರಾತ್ರಿಯಿಡೀ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಬೇಕು. ಒಂದು ಬ್ಯಾಕ್ಟೀರಿಯಾ ಎರಡಾಗಬೇಕಾದರೆ ಮೈ ಬೆಳೆಯಬೇಕು. ಮೈ ಬೆಳೆಯಬೇಕಾದರೆ ಮೈಯ ಸುತ್ತಲಿನ ಕೋಶಭಿತ್ತಿಯೂ ಬೆಳೆಯಬೇಕು. ಪೆನಿಸಿಲಿನ್ ಕೈಯಿಡುವುದು ಈ ಭಿತ್ತಿಯ ಕಟ್ಟಡದ ಕೆಲಸಕ್ಕೆ.

ಬುಟ್ಟಿಯಂತಹ ಭಿತ್ತಿ

ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಇಟ್ಟಿಗೆ ಗೋಡೆಗೆ ಹೋಲಿಸುವುದಕ್ಕಿಂತ ಬಿದಿರಿನ ಬುಟ್ಟಿಗೆ ಹೋಲಿಸುವುದು ಹೆಚ್ಚು ಸರಿ. ಉದ್ದುದ್ದ ಸಕ್ಕರೆ ಸರಪಳಿಗಳು ಬುಟ್ಟಿಯ ದಬ್ಬೆಗಳಿದ್ದಂತೆ. ಪ್ರತಿ ದಬ್ಬೆಯಿಂದ ಅಮೈನೋ ಆಮ್ಲಗಳ ಚಿಕ್ಕ ಚಿಕ್ಕ ಎಳೆಗಳು ನೇತಾಡುತ್ತವೆ. ಒಂದು ದಬ್ಬೆಯ ಎಳೆಯನ್ನು ಪಕ್ಕದ ದಬ್ಬೆಯ ಎಳೆಗೆ ಕಟ್ಟಿದಾಗ ಬುಟ್ಟಿಗೆ ಬಿಗಿ ಬರುತ್ತದೆ. ಈ ಇಡೀ ಹೆಣಿಗೆಗೆ ಪೆಪ್ಟಿಡೋಗ್ಲೈಕನ್ ಎಂದು ಹೆಸರು.

ಈ ಬಿಗಿ ಏಕೆ ಬೇಕು? ಬ್ಯಾಕ್ಟೀರಿಯಾದೊಳಗೆ ಲವಣ, ಸಕ್ಕರೆ, ಅಮೈನೋ ಆಮ್ಲಗಳು ದಟ್ಟವಾಗಿರುವುದರಿಂದ ಹೊರಗಿನ ನೀರು ಅಭಿಸರಣದಿಂದ ಒಳಕ್ಕೆ ನುಗ್ಗುತ್ತಲೇ ಇರುತ್ತದೆ. ಕೆಚ್ಚಲು ಬಾವಿಗೆ ಕಾರಣವಾಗುವ ಸ್ಟ್ಯಾಫಿಲೊಕಾಕಸ್ ಆರಿಯಸ್‌ನಂತಹ ಬ್ಯಾಕ್ಟೀರಿಯಾದಲ್ಲಿ ಒಳಗಿನ ಒತ್ತಡ ಸುಮಾರು 20 ವಾಯುಮಂಡಲದಷ್ಟಿರುತ್ತದೆ. ಶಿರಾಡಿ ಘಾಟಿ ಹತ್ತುವ ಲಾರಿಯ ಟೈರಿನಲ್ಲಿ ಇರುವುದು ಸುಮಾರು 7-8 ವಾಯುಮಂಡಲದ ಒತ್ತಡ. ಅಂದರೆ ಲಾರಿಯ ಟೈರಿಗಿಂತ ಎರಡೂವರೆ ಪಟ್ಟು ಬಿಗಿಯಾಗಿ ಗಾಳಿ ತುಂಬಿದ ಟ್ಯೂಬಿನಂತಿರುವ ಜೀವಿಯನ್ನು ಈ ಬುಟ್ಟಿ ಹಿಡಿದಿಟ್ಟಿದೆ. ಬುಟ್ಟಿಯ ಕಟ್ಟು ಸಡಿಲವಾದರೆ ಜೀವಿ ಒಡೆಯುತ್ತದೆ. ನಮ್ಮ ಜೀವಕೋಶಗಳಿಗೂ ಹಸುವಿನ ಜೀವಕೋಶಗಳಿಗೂ ಇಂತಹ ಬುಟ್ಟಿಯೇ ಇಲ್ಲ. ಪೆನಿಸಿಲಿನ್ ನಮ್ಮನ್ನು ಬಿಟ್ಟು ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುವುದು ಇದೇ ಕಾರಣಕ್ಕೆ.

ಕಟ್ಟುವ ಕೈ ಮತ್ತು ಸಿಕ್ಕಿಕೊಳ್ಳುವ ತುಂಡು

ಎಳೆಗಳನ್ನು ಒಂದಕ್ಕೊಂದು ಕಟ್ಟುವ ಕೆಲಸ ಟ್ರಾನ್ಸ್‌ಪೆಪ್ಟಿಡೇಸ್ ಎಂಬ ಕಿಣ್ವದ್ದು. ಅದನ್ನು ಒಂದು ಕೈ ಎಂದುಕೊಳ್ಳೋಣ. ಕಟ್ಟದೆ ಉಳಿದ ಪ್ರತಿ ಎಳೆಯ ತುದಿಯಲ್ಲಿ ಡಿ-ಅಲನಿನ್ ಎಂಬ ಒಂದೇ ಬಗೆಯ ಎರಡು ಮಣಿಗಳಿರುತ್ತವೆ. ಕೈ ಮಾಡುವ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲಿಗೆ ಅದು ಎರಡು ಮಣಿಗಳ ನಡುವಿನ ಬಂಧವನ್ನು ಕತ್ತರಿಸಿ ಒಳಗಿನ ಮಣಿಯನ್ನು ತಾನೇ ಹಿಡಿದುಕೊಳ್ಳುತ್ತದೆ. ಆಗ ತುದಿಯ ಮಣಿ ಕಳಚಿ ತೇಲಿಹೋಗುತ್ತದೆ. ಅದು ಹೋಗಿ ತೆರವಾದ ಜಾಗಕ್ಕೆ ಪಕ್ಕದ ದಬ್ಬೆಯ ಎಳೆ ಬರುತ್ತದೆ. ಕೈ ತಾನು ಹಿಡಿದಿದ್ದನ್ನು ಆ ಎಳೆಗೆ ದಾಟಿಸಿ, ಗಂಟು ಬಿಗಿದು, ಮುಂದಿನ ಕೆಲಸಕ್ಕೆ ಬಿಡುವಾಗುತ್ತದೆ.

ಪೆನಿಸಿಲಿನ್ ಅಣುವಿನ ಆಕಾರ ಈ ಎರಡು ಮಣಿಗಳ ತುದಿಯನ್ನು ಹೋಲುತ್ತದೆ. ಅದರ ನಡುವೆ ನಾಲ್ಕು ಪರಮಾಣುಗಳ ಒಂದು ಉಂಗುರವಿದೆ. ಅದೇ ಬೀಟಾ-ಲ್ಯಾಕ್ಟಮ್ ಉಂಗುರ. ನಾಲ್ಕೇ ಪರಮಾಣುಗಳನ್ನು ಉಂಗುರವಾಗಿ ಕೂಡಿಸಬೇಕಾದರೆ ಬಂಧಗಳನ್ನು ಬಲವಂತವಾಗಿ ಬಗ್ಗಿಸಬೇಕಾಗುತ್ತದೆ. ಹೀಗಾಗಿ ಅದು ಬಗ್ಗಿಸಿ ಕಟ್ಟಿದ ಬಿದಿರಿನ ದಬ್ಬೆಯಂತೆ, ಅವಕಾಶ ಸಿಕ್ಕರೆ ಚಿಮ್ಮಿ ಬಿಚ್ಚಿಕೊಳ್ಳಲು ಕಾಯುತ್ತಿರುತ್ತದೆ.

ಕಿಣ್ವದ ಕೈ ಇದನ್ನು ಮಣಿಗಳೆಂದು ತಿಳಿದು ಹಿಡಿದು ಕತ್ತರಿಸುತ್ತದೆ. ಉಂಗುರ ಬಿಚ್ಚಿಕೊಳ್ಳುತ್ತದೆ, ಅದರ ಒಂದು ತುದಿ ಕೈಗೆ ಅಂಟಿಕೊಳ್ಳುತ್ತದೆ. ಇಲ್ಲಿಯವರೆಗೆ ಎಲ್ಲವೂ ಎಂದಿನಂತೆಯೇ. ವ್ಯತ್ಯಾಸ ಬರುವುದು ಮುಂದಿನ ಹಂತದಲ್ಲಿ. ಸಾಮಾನ್ಯ ಎಳೆಯಲ್ಲಿ ಕತ್ತರಿಸಿದ ಮಣಿ ಕಳಚಿ ಹೋಗುತ್ತಿತ್ತು. ಪೆನಿಸಿಲಿನ್‌ನಲ್ಲಿ ಕತ್ತರಿಸಿದ್ದು ಒಂದು ಉಂಗುರವನ್ನು. ಉಂಗುರವನ್ನು ಒಂದು ಕಡೆ ಕತ್ತರಿಸಿದರೆ ಅದು ಎರಡು ತುಂಡಾಗುವುದಿಲ್ಲ, ಬಿಚ್ಚಿಕೊಂಡು ಇಡಿಯಾಗಿಯೇ ಉಳಿಯುತ್ತದೆ. ಬಿದ್ದುಹೋಗಬೇಕಿದ್ದ ತುದಿ ಬೀಳದೆ ಕೈಯ ಬಾಯಿಯಲ್ಲೇ ನಿಲ್ಲುತ್ತದೆ. ಪಕ್ಕದ ಎಳೆ ಒಳಗೆ ಬರಲು ಜಾಗವಿಲ್ಲ, ಕೈಗೆ ಬಿಡುವೂ ಇಲ್ಲ. ಆ ಒಂದು ಕಿಣ್ವದ ಕೆಲಸ ಅಲ್ಲಿಗೆ ನಿಂತಿತು.

ಅತ್ತ ಬ್ಯಾಕ್ಟೀರಿಯಾ ಬೆಳೆಯುವಾಗ ಹಳೆಯ ಕಟ್ಟುಗಳನ್ನು ಬಿಚ್ಚಿ ಹೊಸ ದಬ್ಬೆಗೆ ಜಾಗ ಮಾಡುವ ಇನ್ನೊಂದು ಬಗೆಯ ಕಿಣ್ವಗಳು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಬಿಚ್ಚುವುದು ನಡೆಯುತ್ತಿದೆ, ಕಟ್ಟುವುದು ನಿಂತಿದೆ. ಬುಟ್ಟಿ ಸಡಿಲವಾಗಿ ಒಳಗಿನ ಒತ್ತಡಕ್ಕೆ ಜೀವಿ ಒಡೆಯುತ್ತದೆ. ಬೆಳೆಯದೆ ಸುಮ್ಮನಿರುವ ಬ್ಯಾಕ್ಟೀರಿಯಾದ ಮೇಲೆ ಪೆನಿಸಿಲಿನ್‌ನ ಪ್ರಭಾವ ತೀರಾ ಕಡಿಮೆ ಏಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಹೆಪ್ಪಿನ ಬ್ಯಾಕ್ಟೀರಿಯಾಗಳಾದರೋ ಹಾಲಿಗೆ ಬಿದ್ದೊಡನೆ ಬೆಳೆಯಲು ಹೊರಡುವಂಥವು. ಹಾಲಿನಲ್ಲಿ ಪೆನಿಸಿಲಿನ್ ಇದ್ದರೆ ಅವು ಬೆಳೆಯಲು ಹೋಗಿಯೇ ಸಾಯುತ್ತವೆ. ಆಮ್ಲ ಬರುವುದಿಲ್ಲ, ಹಾಲು ಹೆಪ್ಪಾಗುವುದಿಲ್ಲ. ಹಾಲನ್ನು ಕಾಯಿಸಿದರೂ ಪೆನಿಸಿಲಿನ್ ಬಹುಪಾಲು ಉಳಿದೇ ಇರುವುದರಿಂದ ಕುದಿಸುವುದು ಇದಕ್ಕೆ ಪರಿಹಾರವಲ್ಲ.

ಹಿಡಿದು, ತೊಳೆದು ಬಿಡುವ ಕೈ

1940ರಲ್ಲಿ ಅಬ್ರಹಾಂ ಮತ್ತು ಚೈನ್ ಎಂಬ ವಿಜ್ಞಾನಿಗಳು ಪೆನಿಸಿಲಿನ್ ಅನ್ನು ನಾಶಮಾಡುವ ಒಂದು ಕಿಣ್ವ ಬ್ಯಾಕ್ಟೀರಿಯಾದಲ್ಲಿದೆ ಎಂದು ಪ್ರಕಟಿಸಿದರು. ಆಕ್ಸ್‌ಫರ್ಡಿನಲ್ಲಿ ಆ ತಂಡದವರು ಮೊದಲ ಸೋಂಕಿತ ರೋಗಿಗೆ ಪೆನಿಸಿಲಿನ್ ಕೊಟ್ಟಿದ್ದು 1941ರಲ್ಲಿ. ಅಂದರೆ ಔಷಧ ಬಳಕೆಗೆ ಬರುವ ಮೊದಲೇ ಅದನ್ನು ಮುರಿಯುವ ಕಿಣ್ವ ಪ್ರಕೃತಿಯಲ್ಲಿತ್ತು. ತರಗತಿಯಲ್ಲಿ ಈ ಎರಡು ಇಸವಿಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆಯುವುದು ಒಳ್ಳೆಯದು. ಔಷಧವನ್ನು ಕಂಡು ಬ್ಯಾಕ್ಟೀರಿಯಾ ಆಮೇಲೆ ಈ ಕಿಣ್ವವನ್ನು ಕಲಿತುಕೊಂಡಿತು ಎಂಬ ತಪ್ಪು ಕಲ್ಪನೆ ಅಲ್ಲೇ ಸರಿಹೋಗುತ್ತದೆ.

ಈ ಕಿಣ್ವವೇ ಬೀಟಾ-ಲ್ಯಾಕ್ಟಮೇಸ್. ಇದರ ದೊಡ್ಡ ಗುಂಪು ಕೆಲಸ ಮಾಡುವ ರೀತಿ ಟ್ರಾನ್ಸ್‌ಪೆಪ್ಟಿಡೇಸ್‌ನದ್ದೇ. ಎರಡರ ಕೈಯಲ್ಲೂ ಸೆರಿನ್ ಎಂಬ ಒಂದೇ ಅಮೈನೋ ಆಮ್ಲವಿದೆ. ಎರಡೂ ಪೆನಿಸಿಲಿನ್‌ನ ಉಂಗುರವನ್ನು ಕತ್ತರಿಸಿ ಹಿಡಿದುಕೊಳ್ಳುತ್ತವೆ. ಆದರೆ ಬೀಟಾ-ಲ್ಯಾಕ್ಟಮೇಸ್ ತನ್ನ ಬಾಯಿಯೊಳಗೆ ಸರಿಯಾದ ಜಾಗದಲ್ಲಿ ಒಂದು ನೀರಿನ ಅಣುವನ್ನು ಇಟ್ಟುಕೊಂಡಿರುತ್ತದೆ. ಅಂಟಿಕೊಂಡ ಪೆನಿಸಿಲಿನ್ ಅನ್ನು ಆ ನೀರಿನ ಅಣು ಕೈಯಿಂದ ಬಿಡಿಸುತ್ತದೆ. ಉಂಗುರ ಮುರಿದ ಪೆನಿಸಿಲಿನ್ ಹೊರಗೆ ಹೋಗುತ್ತದೆ. ಅದಕ್ಕೆ ಪೆನಿಸಿಲೋಯಿಕ್ ಆಮ್ಲವೆಂದು ಹೆಸರು. ಅದು ಇನ್ನಾವ ಕಿಣ್ವವನ್ನೂ ಸಿಕ್ಕಿಸಲಾರದು. ಕೈ ಮಾತ್ರ ಖಾಲಿಯಾಗಿ ಮುಂದಿನ ಅಣುವಿಗೆ ಸಿದ್ಧ. ಚುರುಕಾದ ಒಂದು ಬೀಟಾ-ಲ್ಯಾಕ್ಟಮೇಸ್ ಅಣು ಸೆಕೆಂಡಿಗೆ ಸಾವಿರದಷ್ಟು ಪೆನಿಸಿಲಿನ್ ಅಣುಗಳನ್ನು ಹೀಗೆ ಮುರಿದು ಹಾಕಬಲ್ಲದು. ಒಂದು ಕೈ ಒಂದೇ ಅಣುವಿಗೆ ಸಿಕ್ಕಿ ನಿಲ್ಲುತ್ತದೆ, ಇನ್ನೊಂದು ಸೆಕೆಂಡಿಗೆ ಸಾವಿರವನ್ನು ದಾಟಿಸುತ್ತದೆ. ವ್ಯತ್ಯಾಸ ಇರುವುದು ಆ ಒಂದು ನೀರಿನ ಅಣುವಿನಲ್ಲಿ.

ಕೆಚ್ಚಲಿನಲ್ಲಿ ನಡೆಯುವ ಪೈಪೋಟಿ

ಈಗ ಹಸುವಿನ ಕೆಚ್ಚಲಿಗೆ ಬರೋಣ. ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಅನೇಕ ತಳಿಗಳು ಬೀಟಾ-ಲ್ಯಾಕ್ಟಮೇಸ್ ಅನ್ನು ತಯಾರಿಸಿ ಹೊರಗೆ ಬಿಡುತ್ತವೆ. ಸುತ್ತಲಿನ ಹಾಲಿನಲ್ಲೇ ಪೆನಿಸಿಲಿನ್ ಮುರಿದುಹೋಗುವುದರಿಂದ ಕಿಣ್ವವಿಲ್ಲದ ಪಕ್ಕದ ಬ್ಯಾಕ್ಟೀರಿಯಾಗಳೂ ಅದರ ನೆರಳಿನಲ್ಲಿ ಉಳಿದುಕೊಳ್ಳುತ್ತವೆ. ರೋಗಾಣುಗಳ ಸಂಖ್ಯೆ ಹೆಚ್ಚಾದಷ್ಟೂ ಕಿಣ್ವವೂ ಹೆಚ್ಚು. ಬರೀ ಪೆನಿಸಿಲಿನ್ ಕೊಟ್ಟರೆ ಇಂತಹ ಬಾವು ಇಳಿಯುವುದಿಲ್ಲ.

ಇದಕ್ಕೆ ರಸಾಯನಶಾಸ್ತ್ರಜ್ಞರು ಎರಡು ಬಗೆಯ ಉತ್ತರ ಕಂಡುಕೊಂಡರು. ಮೊದಲನೆಯದು ಉಂಗುರವನ್ನು ಹಾಗೆಯೇ ಇಟ್ಟು ಅದರ ಪಕ್ಕದ ಸರಣಿಯನ್ನು ದಪ್ಪ ಮಾಡುವುದು. ಕೆಚ್ಚಲು ಬಾವಿನ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಸಿಗುವ ಕ್ಲಾಕ್ಸಾಸಿಲಿನ್ ಈ ಜಾತಿಯದು. ಅದರ ಗಾತ್ರದ ಪಕ್ಕ ಸರಣಿ ಸ್ಟ್ಯಾಫಿಲೊಕಾಕಸ್‌ನ ಬೀಟಾ-ಲ್ಯಾಕ್ಟಮೇಸ್ ಬಾಯಿಗೆ ಸರಿಯಾಗಿ ಹಿಡಿಸುವುದಿಲ್ಲ. ಆದರೆ ಟ್ರಾನ್ಸ್‌ಪೆಪ್ಟಿಡೇಸ್‌ನ ಬಾಯಿಗೆ ಹಿಡಿಸುತ್ತದೆ.

ಎರಡನೆಯದು ಕೈಯನ್ನೇ ಕಟ್ಟಿಹಾಕುವ ಉಪಾಯ. ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ಕ್ಲಾವುಲಾನಿಕ್ ಆಮ್ಲದಲ್ಲೂ ಬೀಟಾ-ಲ್ಯಾಕ್ಟಮ್ ಉಂಗುರವಿದೆ. ತಾನೇ ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಕ್ತಿ ಅದಕ್ಕೆ ಅತ್ಯಲ್ಪ. ಆದರೆ ಬೀಟಾ-ಲ್ಯಾಕ್ಟಮೇಸ್ ಅದನ್ನು ಕತ್ತರಿಸಿದಾಗ ಅದರ ಒಳಗಿನ ಬಂಧಗಳು ಮರುಜೋಡಣೆಯಾಗಿ, ನೀರಿನ ಅಣುವೂ ಬಿಡಿಸಲಾರದಂತೆ ಕೈಗೆ ಅಂಟಿ ಕೂರುತ್ತದೆ. ಔಷಧದಂಗಡಿಯಲ್ಲಿ "625" ಎಂದು ಕರೆಯುವ ಮಾತ್ರೆಯ ಲೆಕ್ಕ ಇದೇ. ಅದರಲ್ಲಿ 500 ಮಿ.ಗ್ರಾಂ ಅಮಾಕ್ಸಿಸಿಲಿನ್, 125 ಮಿ.ಗ್ರಾಂ ಕ್ಲಾವುಲಾನಿಕ್ ಆಮ್ಲ. ಕೊಲ್ಲುವುದು 500ರ ಪಾಲು, ಅದಕ್ಕೆ ದಾರಿ ಬಿಡಿಸುವುದು 125ರ ಪಾಲು.

ಈ ಉತ್ತರಗಳಿಗೂ ಮಿತಿಯಿದೆ. ಕೆಲವು ಸ್ಟ್ಯಾಫಿಲೊಕಾಕಸ್ ತಳಿಗಳು ಪೆನಿಸಿಲಿನ್ ಜಾತಿಯ ಔಷಧಗಳು ಹಿಡಿಯಲಾಗದಂತಹ ಬೇರೆಯೇ ಟ್ರಾನ್ಸ್‌ಪೆಪ್ಟಿಡೇಸ್ ಒಂದನ್ನು ಪಡೆದುಕೊಂಡಿವೆ. ಅಲ್ಲಿ ಮುರಿಯುವ ಕಿಣ್ವದ ಪ್ರಶ್ನೆಯೇ ಇಲ್ಲ, ಗುರಿಯೇ ಬದಲಾಗಿದೆ. ಇನ್ನು 2009ರಲ್ಲಿ ವರದಿಯಾದ NDM-1 ಎಂಬ ಬೀಟಾ-ಲ್ಯಾಕ್ಟಮೇಸ್ ಸೆರಿನ್ ಬದಲು ಸತುವಿನ ಅಯಾನುಗಳನ್ನು ಬಳಸಿ ಉಂಗುರವನ್ನು ಮುರಿಯುತ್ತದೆ. ಅಂಟಿಕೊಳ್ಳಲು ಸೆರಿನ್ ಕೈಯೇ ಇಲ್ಲದ ಮೇಲೆ ಕ್ಲಾವುಲಾನಿಕ್ ಆಮ್ಲ ಅದನ್ನು ಕಟ್ಟಿಹಾಕಲಾರದು.

ಮತ್ತೆ ಲೋಟಕ್ಕೆ: ಮೂರು ಲೋಟಗಳ ಲೆಕ್ಕ

ಹಾಲು ಹೆಪ್ಪಾಗಲಿಲ್ಲ ಎಂದಮಾತ್ರಕ್ಕೆ ಔಷಧವಿದೆ ಎಂದು ತೀರ್ಮಾನಿಸುವಂತಿಲ್ಲ. ಮಳೆಗಾಲದಲ್ಲಿ ಸಕಲೇಶಪುರದ ಚಳಿಗೆ ಒಳ್ಳೆಯ ಹಾಲೂ ರಾತ್ರಿ ಕಳೆದರೂ ಹೆಪ್ಪಾಗದೆ ಉಳಿಯುವುದುಂಟು. ಹೆಪ್ಪು ಹಳತಾಗಿರಬಹುದು, ಹಾಲು ಬಿಸಿ ಇರುವಾಗಲೇ ಹೆಪ್ಪು ಹಾಕಿರಬಹುದು. ಇವನ್ನೆಲ್ಲ ಬೇರ್ಪಡಿಸಲು ಹೋಲಿಕೆಯ ಲೋಟ ಬೇಕು. ಪ್ರಯೋಗಾಲಯದಲ್ಲಿ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತಾರೆ. ಶತ್ರುವೆಂದು ನಾವು ಹೇಳುತ್ತಿರುವ ಬೀಟಾ-ಲ್ಯಾಕ್ಟಮೇಸ್ ಅನ್ನೇ ಅಲ್ಲಿ ಪತ್ತೇದಾರನಾಗಿ ಬಳಸುತ್ತಾರೆ.

ಮೂರು ಲೋಟಗಳನ್ನು ಊಹಿಸಿಕೊಳ್ಳೋಣ. ಮೂರಕ್ಕೂ ಒಂದೇ ಹೆಪ್ಪು, ಒಂದೇ ಬೆಚ್ಚಗಿನ ಜಾಗ. ಮೊದಲ ಲೋಟದಲ್ಲಿ ಔಷಧ ಕೊಡದ ಹಸುವಿನ ಹಾಲು. ಎರಡನೆಯದರಲ್ಲಿ ಅನುಮಾನದ ಹಾಲು. ಮೂರನೆಯದರಲ್ಲಿ ಅದೇ ಅನುಮಾನದ ಹಾಲು, ಜೊತೆಗೆ ಶುದ್ಧೀಕರಿಸಿದ ಬೀಟಾ-ಲ್ಯಾಕ್ಟಮೇಸ್. ಮೊದಲನೆಯದು ಹೆಪ್ಪಾಗದಿದ್ದರೆ ದೋಷ ಹೆಪ್ಪಿನದು ಅಥವಾ ಚಳಿಯದು, ಉಳಿದ ಲೋಟಗಳಿಂದ ಏನೂ ಹೇಳುವಂತಿಲ್ಲ. ಮೊದಲನೆಯದು ಹೆಪ್ಪಾಗಿ ಎರಡನೆಯದು ಹಾಗೇ ಉಳಿದರೆ ಆ ಹಾಲಿನಲ್ಲಿ ಬ್ಯಾಕ್ಟೀರಿಯಾದ ಬೆಳವಣಿಗೆ ತಡೆಯುವ ವಸ್ತುವೇನೋ ಇದೆ. ಮೂರನೆಯದೂ ಹೆಪ್ಪಾದರೆ ಆ ವಸ್ತು ಪೆನಿಸಿಲಿನ್ ಜಾತಿಯದು. ಕಿಣ್ವ ಅದರ ಉಂಗುರವನ್ನು ಮುರಿದದ್ದರಿಂದ ಹೆಪ್ಪಿನ ಬ್ಯಾಕ್ಟೀರಿಯಾ ಬದುಕಿಕೊಂಡಿತು. ಮೂರನೆಯದೂ ಹೆಪ್ಪಾಗದಿದ್ದರೆ ಟೆಟ್ರಾಸೈಕ್ಲಿನ್‌ನಂತಹ ಬೇರೆ ಔಷಧವಿರಬಹುದು, ಇಲ್ಲವೇ ಕ್ಲಾಕ್ಸಾಸಿಲಿನ್‌ನಂತೆ ಆ ಕಿಣ್ವಕ್ಕೆ ಸುಲಭವಾಗಿ ಬಗ್ಗದ ಬೀಟಾ-ಲ್ಯಾಕ್ಟಮ್ ಇರಬಹುದು.

ಮನೆಯ ಹೆಪ್ಪಿನ ಪರೀಕ್ಷೆ ಒರಟಾದದ್ದು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಹಾಲು ಮೊಸರಾಯಿತು ಎಂದರೆ ಔಷಧ ಇಲ್ಲವೇ ಇಲ್ಲ ಎಂದರ್ಥವಲ್ಲ. ಅಂತರರಾಷ್ಟ್ರೀಯ ಕೋಡೆಕ್ಸ್ ನಿಯಮದಂತೆ ಹಾಲಿನಲ್ಲಿ ಬೆಂಜೈಲ್‌ಪೆನಿಸಿಲಿನ್‌ನ ಮಿತಿ ಒಂದು ಕೆ.ಜಿ.ಗೆ 4 ಮೈಕ್ರೊಗ್ರಾಂ. ಇದು ಎಷ್ಟು ಚಿಕ್ಕದೆಂದು ಲೆಕ್ಕ ಮಾಡಿಸಬಹುದು. ಒಂದು ಹಸುವಿನ ಹಾಲಿನೊಂದಿಗೆ 10 ಮಿಲಿಗ್ರಾಂ ಪೆನಿಸಿಲಿನ್ ಹೊರಬಂತೆಂದು ಇಟ್ಟುಕೊಳ್ಳೋಣ. ಅದು 10,000 ಮೈಕ್ರೊಗ್ರಾಂ. 4ರಿಂದ ಭಾಗಿಸಿದರೆ 2,500. ಅಂದರೆ 2,500 ಕೆ.ಜಿ. ಶುದ್ಧ ಹಾಲಿಗೆ ಬೆರೆತಾಗ ಮಾತ್ರ ಅದು ಮಿತಿಗೆ ಇಳಿಯುತ್ತದೆ. 40 ಲೀಟರಿನ ಕ್ಯಾನುಗಳಲ್ಲಿ ಹೇಳುವುದಾದರೆ ಅರವತ್ತಕ್ಕೂ ಹೆಚ್ಚು ಕ್ಯಾನು. ಡೈರಿಗೆ ಹಾಕುವ ಒಂದು ಮನೆಯ ಹಾಲು ಇಡೀ ಊರಿನ ಹಾಲಿನ ಪ್ರಶ್ನೆಯಾಗುವುದು ಹೀಗೆ. ಟ್ಯೂಬಿನ ಡಬ್ಬಿಯ ಮೇಲೆ ಎಷ್ಟು ದಿನ ಹಾಲು ಬಳಸಬಾರದೆಂದು ಬರೆದಿರುತ್ತದೆ. ಪರೀಕ್ಷಿಸಿ ನಿಗದಿ ಮಾಡಿದ ಅವಧಿ ಇಲ್ಲದ ಔಷಧಕ್ಕೆ ಹಾಲಿನ ವಿಷಯದಲ್ಲಿ ಕನಿಷ್ಠ 7 ದಿನ ಎಂದು 2012ರಲ್ಲಿ ತಿದ್ದುಪಡಿಯಾದ ನಮ್ಮ ದೇಶದ ಔಷಧ ನಿಯಮ ಹೇಳುತ್ತದೆ.

ತರಗತಿಯಲ್ಲಿ ಬಳಸುವಾಗ

ಈ ಪಾಠಕ್ಕೆ ಎರಡು ಅವಧಿ ಬೇಕಾಗುತ್ತದೆ. ಮೊದಲ ಅವಧಿಗೆ ಬೇಕಾದ ಬೋಧನೋಪಕರಣ ಬಿದಿರಿನ ಎರಡು ದಬ್ಬೆ, ದಾರ, ಮಣಿ, ಬಟ್ಟೆಗೆ ಹಾಕುವ ಕ್ಲಿಪ್ಪು ಮತ್ತು ಒಂದು ರಟ್ಟಿನ ಉಂಗುರ ಇಷ್ಟೇ. ಕ್ಲಿಪ್ಪು ಕಿಣ್ವದ ಕೈ. ಮಣಿಯ ದಾರವನ್ನು ಎರಡು ಮಣಿಗಳ ನಡುವೆ ಕತ್ತರಿಸಿ ಒಂದು ಮಣಿ ನೆಲಕ್ಕೆ ಬೀಳುವುದನ್ನು ತೋರಿಸಬೇಕು. ಆಮೇಲೆ ರಟ್ಟಿನ ಉಂಗುರವನ್ನು ಕತ್ತರಿಸಿ, ಏನೂ ಬೀಳದೆ ಅದು ಕ್ಲಿಪ್ಪಿನಲ್ಲೇ ನೇತಾಡುವುದನ್ನು ತೋರಿಸಬೇಕು. "ಈಗ ಪಕ್ಕದ ದಾರ ಕಟ್ಟಲು ಜಾಗ ಎಲ್ಲಿದೆ?" ಎಂಬ ಒಂದು ಪ್ರಶ್ನೆ ಸಾಕು, ಉತ್ತರವನ್ನು ಮಕ್ಕಳೇ ಕೊಡುತ್ತಾರೆ.

ಎರಡನೆಯ ಅವಧಿಗೆ ಮಕ್ಕಳು ಮನೆಯಲ್ಲಿ ಒಳ್ಳೆಯ ಹಾಲನ್ನೇ ಎರಡು ಲೋಟದಲ್ಲಿ ಇಟ್ಟು, ಒಂದನ್ನು ಒಲೆಯ ಪಕ್ಕ, ಒಂದನ್ನು ಹೊರಗಿನ ಚಳಿಯಲ್ಲಿ ಇರಿಸಿ ಹೆಪ್ಪಾಗುವ ಹೊತ್ತನ್ನು ಬರೆದು ತರಲಿ. ಹೋಲಿಕೆಯ ಲೋಟ ಏಕೆ ಬೇಕೆಂದು ಇದರಿಂದಲೇ ತಿಳಿಯುತ್ತದೆ. ಮೂರು ಲೋಟಗಳ ಪ್ರಯೋಗವನ್ನು ಮಾತ್ರ ಚೀಟಿಗಳ ಮೇಲೆ ಫಲಿತಾಂಶ ಬರೆದು ಕೊಟ್ಟು ತೀರ್ಮಾನ ಮಾಡಿಸಬೇಕು. ಪೆನಿಸಿಲಿನ್ ಜಾತಿಯ ಔಷಧಗಳಿಗೆ ಕೆಲವರಲ್ಲಿ ತೀವ್ರ ಅಲರ್ಜಿ ಇರುವುದರಿಂದ ಕ್ಯಾಪ್ಸೂಲು ಒಡೆದು ಪುಡಿಯನ್ನು ತರಗತಿಗೆ ತರುವುದು ಸಲ್ಲದು.

ಮೌಲ್ಯಮಾಪನದಲ್ಲಿ ಒಂದು ಉತ್ತರವನ್ನು ವಿಶೇಷವಾಗಿ ಗಮನಿಸಬೇಕು. "ಔಷಧಿ ಏಕೆ ಕೆಲಸ ಮಾಡಲಿಲ್ಲ?" ಎಂದು ಕೇಳಿದರೆ ಹಲವರು "ಹಸುವಿನ ಮೈ ಔಷಧಿಗೆ ಒಗ್ಗಿಹೋಗಿದೆ" ಎನ್ನುತ್ತಾರೆ. ಮನೆಯಲ್ಲಿ ದೊಡ್ಡವರು ಆಡುವ ಮಾತು ಅದು. ಒಗ್ಗಿದ್ದು ಹಸುವಿನ ಮೈಯಲ್ಲ. ಪೆನಿಸಿಲಿನ್ ಕೊಟ್ಟಾಗ ಕಿಣ್ವವಿಲ್ಲದ ಬ್ಯಾಕ್ಟೀರಿಯಾಗಳು ಸತ್ತು, ಕಿಣ್ವವಿದ್ದವು ಉಳಿದು ಹೆಚ್ಚಿಕೊಂಡವು. ಅದೇ ತಳಿಯ ಬ್ಯಾಕ್ಟೀರಿಯಾ ಹಿಂದೆಂದೂ ಔಷಧ ಕಾಣದ ಪಕ್ಕದ ಮನೆಯ ಹಸುವಿಗೆ ತಗುಲಿದರೂ ಪೆನಿಸಿಲಿನ್ ಅಲ್ಲಿಯೂ ಸೋಲುತ್ತದೆ. "ಹಾಗಾದರೆ ಒಗ್ಗಿದ್ದು ಯಾರು?" ಎಂದು ಈ ಎರಡನೆಯ ಹಸುವನ್ನು ಮುಂದಿಟ್ಟು ಕೇಳಿದಾಗ ವಿದ್ಯಾರ್ಥಿ ಕೊಡುವ ಉತ್ತರವೇ ಪಾಠ ತಲುಪಿದೆಯೋ ಇಲ್ಲವೋ ಎಂಬುದನ್ನು ತಿಳಿಸುತ್ತದೆ.